ವಾರಕ್ಕೆರಡು ರಾತ್ರಿ ಪೋರ್ಟಿಕೋ ಸಿಕ್ಕರೆ ಪ್ಲಗ್-ಇನ್ ಕಾರು ಕೊಳ್ಳಬೇಕೇ?

ದಾವಣಗೆರೆಯ ವಿದ್ಯಾನಗರದಲ್ಲಿ ನನ್ನ ಅಕ್ಕ-ಭಾವ ಇರುವುದು ಬಾಡಿಗೆ ಮನೆಯ ಮೇಲಂತಸ್ತಿನಲ್ಲಿ. ಕೆಳಗೆ ಓನರ್ ಅಜ್ಜ. ಪೋರ್ಟಿಕೋದಲ್ಲಿ ಒಂದೇ ಕಾರಿಗೆ ಜಾಗ, ಅಲ್ಲಿ ಅಜ್ಜನ ಕಾರು ನಿಂತಿರುತ್ತದೆ. ಭಾವನ ಕಾರು ರಸ್ತೆ ಬದಿಯ ಬೇವಿನ ಮರದ ಕೆಳಗೆ. ಶನಿವಾರ ಅಜ್ಜ ತೋಟಕ್ಕೆ ಹೋದರೆ ಸೋಮವಾರ ಬೆಳಿಗ್ಗೆ ಬರುತ್ತಾರೆ. ಆ ಎರಡು ರಾತ್ರಿ ಪೋರ್ಟಿಕೋ ಖಾಲಿ. ಗೋಡೆಯಲ್ಲಿ ಮೊದಲು ಗೀಸರಿಗೆಂದು ಹಾಕಿಸಿದ್ದ 15 ಆಂಪಿಯರ್ ಸಾಕೆಟ್ ಕೂಡ ಇದೆ.

ಹಳೇ ಡೀಸೆಲ್ ಕಾರು ಮಾರುವ ಯೋಚನೆಯಲ್ಲಿರುವ ಭಾವ ಹೋದ ಯುಗಾದಿಗೆ ಕೇಳಿದ ಪ್ರಶ್ನೆ ಇದು: "ಪೂರಾ ಎಲೆಕ್ಟ್ರಿಕ್ ನಮಗೆ ಆಗಂಗಿಲ್ಲ ಬಿಡಪ. ಆದ್ರೆ ಪ್ಲಗ್-ಇನ್ ಹೈಬ್ರಿಡ್ ಬಂದ್ರೆ ಕಾಯಲಾ, ಇಲ್ಲ ಈಗ್ಲೇ ಸ್ಟ್ರಾಂಗ್ ಹೈಬ್ರಿಡ್ ತಗೊಂಡ್ ಬಿಡ್ಲಾ? ಅಜ್ಜ ಚಾರ್ಜ್ ಹಾಕ್ಕೋ ಅಂದಾರ." ಮನೆಯಲ್ಲಿ ಯಾವಾಗಲಾದರೊಮ್ಮೆ ಮಾತ್ರ ಚಾರ್ಜ್ ಮಾಡಬಲ್ಲವರೆಲ್ಲರ ಪ್ರಶ್ನೆಯೂ ಇದೇ. ಉತ್ತರ ಹುಡುಕಲು ನಾನು ಮತ್ತು ಭಾವ ಮೂರು ತಿಂಗಳು ಲೆಕ್ಕ ಬರೆದೆವು.

ಮೊದಲು ಮಾರುಕಟ್ಟೆಯ ಸ್ಥಿತಿ. ಪೆಟ್ರೋಲ್ ಎಂಜಿನ್ ಜೊತೆಗೆ ಬ್ಯಾಟರಿಯಿಂದ ತಿರುಗುವ ಮೋಟಾರೂ ಇರುವ ಕಾರು ಹೈಬ್ರಿಡ್. ಶೋರೂಮಿನವರು ಸ್ಟ್ರಾಂಗ್ ಹೈಬ್ರಿಡ್ ಎನ್ನುವುದೇ ಫುಲ್ ಹೈಬ್ರಿಡ್. ಹೈರೈಡರ್, ಗ್ರ್ಯಾಂಡ್ ವಿಟಾರಾ, ಇನ್ನೋವಾ ಹೈಕ್ರಾಸ್, ಹೋಂಡಾ ಸಿಟಿ ಇವುಗಳಲ್ಲಿ ಅದು ಸಿಗುತ್ತದೆ. ಗೋಡೆಯ ಸಾಕೆಟ್ಟಿನಿಂದಲೂ ಚಾರ್ಜ್ ಮಾಡಬಹುದಾದ ಪ್ಲಗ್-ಇನ್ ಹೈಬ್ರಿಡ್ ನಮ್ಮ ದೇಶದಲ್ಲಿ ಇಲ್ಲಿಯವರೆಗೆ ಬಂದಿರುವುದು ಹೆಚ್ಚಾಗಿ ದೊಡ್ಡ ದುಡ್ಡಿನ ವಿದೇಶಿ ಕಾರುಗಳಲ್ಲಿ. ಮಧ್ಯಮ ಬೆಲೆಗೆ ತರುತ್ತೇವೆ ಎಂದು ಕೆಲವು ಕಂಪನಿಗಳು ಹೇಳಿವೆ. ಹಾಗಾಗಿ "ಕಾಯಲಾ" ಎಂದು ಭಾವ ಕೇಳಿದ್ದು ಸರಿಯಾಗಿಯೇ ಇತ್ತು.

ಎರಡರ ನಡುವಿನ ವ್ಯತ್ಯಾಸವನ್ನು ನೀರು ದಿನಾ ಬಾರದ ನಮ್ಮ ಊರಿನವರಿಗೆ ಹೇಳುವುದು ಸುಲಭ. ಫುಲ್ ಹೈಬ್ರಿಡ್‌ನ ಬ್ಯಾಟರಿ ಒಂದು ಕೊಡ, ಪ್ಲಗ್-ಇನ್‌ನದು ಒಂದು ಸಂಪು. ಹೈರೈಡರ್ ಹೈಬ್ರಿಡ್‌ನ ಬ್ಯಾಟರಿಯಲ್ಲಿ ಹಿಡಿಯುವುದು ಮುಕ್ಕಾಲು ಯೂನಿಟ್ ಕರೆಂಟು. ಬ್ರೇಕ್ ಒತ್ತಿದಾಗ, ಇಳಿಜಾರಿನಲ್ಲಿ, ಎಂಜಿನ್ನಿಗೆ ಹೆಚ್ಚು ಹೊರೆ ಇಲ್ಲದಾಗ ಅದು ತುಂಬುತ್ತದೆ. ಸಿಗ್ನಲ್ ಬಿಟ್ಟು ಹೊರಡುವಾಗ, ಪಿ.ಜೆ. ಬಡಾವಣೆಯ ಸಂಜೆಯ ದಟ್ಟಣೆಯಲ್ಲಿ ತೆವಳುವಾಗ ಖಾಲಿಯಾಗುತ್ತದೆ. ದಿನವಿಡೀ ಸ್ವಲ್ಪ ಸ್ವಲ್ಪ ತುಂಬುತ್ತಾ ಖಾಲಿಯಾಗುತ್ತಾ ಇರುವ ಕೊಡವಿದು, ಹೊರಗಿನಿಂದ ಯಾರೂ ನೀರು ಹಾಕಬೇಕಿಲ್ಲ. ಪ್ಲಗ್-ಇನ್‌ನಲ್ಲಿ 15ರಿಂದ 20 ಯೂನಿಟ್ ಹಿಡಿಯುವ ಸಂಪು ಇರುತ್ತದೆ. ಗೋಡೆಯ ಸಾಕೆಟ್ಟಿನಿಂದ ತುಂಬಿಸಿದರೆ ಐವತ್ತು ಅರವತ್ತು ಕಿಲೋಮೀಟರ್ ಎಂಜಿನ್ ಶುರುವಾಗದೆಯೇ ಓಡಬಹುದು. ಆ ಸಂಪು ಬತ್ತಿದ ಮೇಲೆ ಕಾರು ನಿಲ್ಲುವುದಿಲ್ಲ. ತಳದಲ್ಲಿ ಉಳಿದಿರುವ ಸ್ವಲ್ಪವನ್ನೇ ಕೊಡದಂತೆ ಬಳಸುತ್ತಾ ಮಾಮೂಲಿ ಹೈಬ್ರಿಡ್ ಆಗಿ ಓಡುತ್ತದೆ. ಆದರೆ ಖಾಲಿ ಸಂಪಿನ ಭಾರ ಮಾತ್ರ ಜೊತೆಗೇ ಇರುತ್ತದೆ.

ಆ ಭಾರದ ಬೆಲೆ ಎಷ್ಟೆಂದು ನೋಡಲು ಒಂದೇ ಕಾರು ಎರಡೂ ರೂಪದಲ್ಲಿ ಸಿಗಬೇಕು. ಟೊಯೋಟಾದ ರಾವ್4 ಅಮೆರಿಕದಲ್ಲಿ ಹಾಗೆ ಸಿಕ್ಕಿದೆ. ಅಲ್ಲಿನ ಸರ್ಕಾರಿ ಪರೀಕ್ಷೆಯಲ್ಲಿ ಹೈಬ್ರಿಡ್ ರಾವ್4 ಗ್ಯಾಲನ್ನಿಗೆ 40 ಮೈಲಿ ಓಡಿತು, ಅಂದರೆ ನಮ್ಮ ಲೆಕ್ಕದಲ್ಲಿ ಲೀಟರಿಗೆ 17 ಕಿಲೋಮೀಟರ್. ಅದೇ ಕಾರಿನ ಪ್ಲಗ್-ಇನ್ ರೂಪಕ್ಕೆ ಚಾರ್ಜ್ ಮುಗಿದ ಮೇಲೆ ಸಿಕ್ಕಿದ್ದು 38 ಮೈಲಿ, ಸುಮಾರು 16 ಕಿಲೋಮೀಟರ್. ಚಾರ್ಜ್ ಇದ್ದಾಗ 42 ಮೈಲಿ, ಅಂದರೆ 67 ಕಿಲೋಮೀಟರ್ ಕರೆಂಟಿನಲ್ಲೇ ಓಡಿತು. ಅದಕ್ಕೆ ಗೋಡೆಯಿಂದ ಎಳೆದದ್ದು ಹತ್ತಿರ ಹತ್ತಿರ 15 ಯೂನಿಟ್. ಈ ಕಾರು ಇಲ್ಲಿ ಮಾರಾಟಕ್ಕಿಲ್ಲ. ಹೈರೈಡರ್, ಗ್ರ್ಯಾಂಡ್ ವಿಟಾರಾಗಳಿಗಿಂತ ದೊಡ್ಡದು, ಭಾರವೂ ಹೆಚ್ಚು. ಆದರೆ ತೂಕದಲ್ಲಿ ಇನ್ನೋವಾ ಹೈಕ್ರಾಸ್‌ಗೆ ಸಮೀಪವಾಗಿದೆ. ನಮ್ಮ ಬಿಸಿಲಿಗೆ ಏಸಿ ನಿಲ್ಲುವುದೇ ಇಲ್ಲವಾದ್ದರಿಂದ ಒಂದು ಫುಲ್ ಚಾರ್ಜಿಗೆ 60 ಕಿಲೋಮೀಟರ್ ಎಂದು ಹಿಡಿದೆವು.

ಈಗ ನಾನು ಎಲ್ಲಕ್ಕಿಂತ ಮುಖ್ಯ ಎಂದುಕೊಂಡಿರುವ ಲೆಕ್ಕ. ಜನ "ವರ್ಷಕ್ಕೆ ಎಷ್ಟು ಉಳಿಯುತ್ತೆ" ಎಂದು ಕೇಳುತ್ತಾರೆ. ಅಪರೂಪಕ್ಕೆ ಚಾರ್ಜ್ ಮಾಡುವವರು ಕೇಳಬೇಕಾದದ್ದು "ಒಂದು ಚಾರ್ಜಿಗೆ ಎಷ್ಟು ಉಳಿಯುತ್ತೆ" ಎಂದು. ಪೆಟ್ರೋಲ್ ಲೀಟರಿಗೆ 103 ರೂಪಾಯಿ, ಕರೆಂಟು ತೆರಿಗೆ ಸರ್ಚಾರ್ಜ್ ಎಲ್ಲಾ ಸೇರಿ ಯೂನಿಟ್ಟಿಗೆ 7 ರೂಪಾಯಿ ಎಂದಿಟ್ಟುಕೊಳ್ಳಿ. 15 ಯೂನಿಟ್ಟಿಗೆ 105 ರೂಪಾಯಿ. ಅದೇ 60 ಕಿಲೋಮೀಟರನ್ನು ಫುಲ್ ಹೈಬ್ರಿಡ್ ಓಡಲು ಮೂರೂವರೆ ಲೀಟರ್ ಪೆಟ್ರೋಲ್ ಬೇಕು, ಸುಮಾರು 363 ರೂಪಾಯಿ. ಅಂದರೆ ಒಂದು ಸಲ ಸಂಪು ತುಂಬಿಸಿ ಪೂರ್ತಿ ಬಳಸಿದರೆ 258 ರೂಪಾಯಿ ಉಳಿಯಿತು. ಇನ್ನು ಸಂಪು ಖಾಲಿಯಾದ ಮೇಲೆ ಓಡುವ ಪ್ರತಿ ಕಿಲೋಮೀಟರಿಗೆ ಪ್ಲಗ್-ಇನ್ 38 ಪೈಸೆ ಹೆಚ್ಚು ತಿನ್ನುತ್ತದೆ. ಬೆಂಗಳೂರಿಗೆ ಹೋಗಿ ಬಂದರೆ 530 ಕಿಲೋಮೀಟರ್, ಹೆಚ್ಚುವರಿ ಖರ್ಚು 200 ರೂಪಾಯಿ. ಒಂದು ಬೆಂಗಳೂರು ಪ್ರಯಾಣ ಹೆಚ್ಚುಕಡಿಮೆ ಒಂದು ಚಾರ್ಜಿನ ಉಳಿತಾಯವನ್ನು ನುಂಗಿಬಿಡುತ್ತದೆ.

ಜಾಹೀರಾತುಗಳಲ್ಲಿ ಉಳಿತಾಯ ಇದಕ್ಕಿಂತ ಎಷ್ಟೋ ಹೆಚ್ಚಾಗಿ ಕಾಣಲು ಕಾರಣವಿದೆ. ಅಲ್ಲಿ ಹೋಲಿಕೆ ಲೀಟರಿಗೆ ಹತ್ತು ಹನ್ನೊಂದು ಕೊಡುವ ಸಾದಾ ಪೆಟ್ರೋಲ್ ಕಾರಿನ ಜೊತೆ. ನಮ್ಮ ಪ್ರಶ್ನೆಯಲ್ಲಿ ಎದುರಾಳಿ ಆಗಲೇ ಹೈಬ್ರಿಡ್. ಎದುರಿಗಿರುವ ಹೈಬ್ರಿಡ್ ಚಿಕ್ಕದಾಗಿದ್ದು ಲೀಟರಿಗೆ 21 ಕೊಟ್ಟರಂತೂ ಒಂದು ಚಾರ್ಜಿನ ಉಳಿತಾಯ 190 ರೂಪಾಯಿಗೆ ಇಳಿಯುತ್ತದೆ.

ಭಾವ ಹರಿಹರದ ಬ್ಯಾಂಕ್ ಶಾಖೆಗೆ ಹೋಗಿಬರುತ್ತಾರೆ. ಅಕ್ಕನನ್ನು ಮಾರುಕಟ್ಟೆಗೆ ಬಿಡುವುದು, ಮಕ್ಕಳ ಟ್ಯೂಷನ್ ಸೇರಿ ದಿನಕ್ಕೆ 36 ಕಿಲೋಮೀಟರ್. ವರ್ಷಕ್ಕೆ 300 ದಿನ ಹಿಡಿದರೆ 10,800. ತಿಂಗಳಿಗೊಂದು ಬೆಂಗಳೂರು ಸೇರಿಸಿದರೆ ಒಟ್ಟು 17,000 ಚಿಲ್ಲರೆ. ವಾರಕ್ಕೆ ಎರಡು ಚಾರ್ಜ್ ತಪ್ಪದೆ ಸಿಕ್ಕರೆ ವರ್ಷಕ್ಕೆ 104. ಅದರಿಂದ ಉಳಿಯುವುದು 26,800 ರೂಪಾಯಿ, ಖಾಲಿ ಸಂಪು ಹೊತ್ತು ಓಡಿದ್ದಕ್ಕೆ 4,100 ಕಳೆದರೆ ಕೈಗೆ 22,700. ಈ ಲೆಕ್ಕದಲ್ಲೂ ಒಂದು ರಿಯಾಯಿತಿ ಕೊಟ್ಟಿದ್ದೇನೆ. ಶನಿವಾರ ರಾತ್ರಿ ತುಂಬಿಸಿದ್ದು ಭಾನುವಾರ ಖರ್ಚಾಗದಿದ್ದರೆ ಭಾನುವಾರ ರಾತ್ರಿ ತುಂಬಲು ಜಾಗವೇ ಇರುವುದಿಲ್ಲ. ಅಜ್ಜನ ಎರಡು ರಾತ್ರಿಗಳು ಒಂದರ ಪಕ್ಕ ಒಂದು ಬರುತ್ತವೆ, ಭಾನುವಾರ ಭಾವನ ಕಾರು ಹೊರಗೆ ಹೋಗುವುದೇ ಕಡಿಮೆ. ಬುಧವಾರ ಒಂದು, ಭಾನುವಾರ ಒಂದು ಸಿಕ್ಕಿದ್ದರೆ ಮಾತು ಬೇರೆ. ಎಷ್ಟು ರಾತ್ರಿ ಎನ್ನುವಷ್ಟೇ ಮುಖ್ಯ, ಆ ರಾತ್ರಿಗಳ ನಡುವೆ ಎಷ್ಟು ಓಡುತ್ತೀರಿ ಎನ್ನುವುದು.

ಪ್ಲಗ್-ಇನ್ ರೂಪ ಎಷ್ಟು ದುಬಾರಿಯಾಗಬಹುದು? 2025ರ ಸೆಪ್ಟೆಂಬರ್ 22ರಿಂದ ಜಾರಿಗೆ ಬಂದ ಜಿಎಸ್‌ಟಿಯಲ್ಲಿ ಈ ಗಾತ್ರದ ಹೈಬ್ರಿಡ್‌ಗಳಿಗೆ ಶೇ 40. ಪೂರಾ ಎಲೆಕ್ಟ್ರಿಕ್ ಕಾರಿಗಿರುವ ಶೇ 5ರ ದರ ಪ್ಲಗ್-ಇನ್‌ಗೆ ಇಲ್ಲ, ಅದೂ ಹೈಬ್ರಿಡ್ ಲೆಕ್ಕವೇ. ಅದರ ಮೇಲೆ ಕರ್ನಾಟಕದ ರೋಡ್ ಟ್ಯಾಕ್ಸ್, ಈ ಬೆಲೆಯ ಕಾರುಗಳಿಗೆ ಶೇ 17-18, ಮತ್ತೆ ಅದಕ್ಕೊಂದು ಸೆಸ್. ಹಾಗಾಗಿ ದೊಡ್ಡ ಬ್ಯಾಟರಿ, ಮನೆ ಕರೆಂಟನ್ನು ಒಳಗೆ ತುಂಬುವ ಚಾರ್ಜರ್, ದೊಡ್ಡ ಮೋಟಾರಿಗೆ ಕಂಪನಿ ಒಂದು ಲಕ್ಷ ಹೆಚ್ಚು ಹಾಕಿದರೆ ಕಾರು ರಸ್ತೆಗಿಳಿಯುವ ಹೊತ್ತಿಗೆ ಅದು ಒಂದೂಮುಕ್ಕಾಲು ಲಕ್ಷದ ಹತ್ತಿರ ಬಂದಿರುತ್ತದೆ. ರಸ್ತೆ ಬೆಲೆಯಲ್ಲಿ 4 ಲಕ್ಷ ವ್ಯತ್ಯಾಸ ಎಂದು ನಾವು ಹಿಡಿದದ್ದು ಉದಾರವಾಗಿಯೇ. 4 ಲಕ್ಷವನ್ನು 22,700ರಿಂದ ಭಾಗಿಸಿದರೆ ಹದಿನೇಳೂವರೆ ವರ್ಷ.

ಹಾಗಾದರೆ ಪ್ರತಿ ರಾತ್ರಿ ಚಾರ್ಜ್ ಸಿಕ್ಕಿದ್ದರೆ? ಆಗಲೂ ಭಾವನ ಕೆಲಸದ ದಿನದ ಓಟ 36 ಕಿಲೋಮೀಟರ್ ಮಾತ್ರ, 60ರ ಸಂಪಿನಲ್ಲಿ ಅಷ್ಟೇ ಖಾಲಿಯಾಗುತ್ತದೆ. ವರ್ಷಕ್ಕೆ ಉಳಿಯುವುದು 44,000. ಒಂಬತ್ತು ವರ್ಷ ಬೇಕು. ಅಪರೂಪಕ್ಕೆ ಚಾರ್ಜ್ ಮಾಡುವವರು ಸಿಕ್ಕಿಹಾಕಿಕೊಳ್ಳುವ ಇಕ್ಕಟ್ಟು ಇಲ್ಲೇ ಇರುವುದು. ದಿನಕ್ಕೆ ಹದಿನೈದು ಕಿಲೋಮೀಟರ್ ಓಡುವವರಿಗೆ ವಾರಕ್ಕೆರಡು ಚಾರ್ಜ್ ಧಾರಾಳ ಸಾಕು, ಊರೊಳಗಿನ ಓಟವೆಲ್ಲ ಕರೆಂಟಿನಲ್ಲೇ ಮುಗಿಯುತ್ತದೆ. ಆದರೆ ಅಷ್ಟು ಕಡಿಮೆ ಓಟದಲ್ಲಿ ಹಾಕಿದ ದುಡ್ಡು ಹುಟ್ಟುವುದಿಲ್ಲ. ದಿನಕ್ಕೆ ನೂರಿಪ್ಪತ್ತು ಓಡುವವರಿಗೆ, ಅಂದರೆ ದಾವಣಗೆರೆಯಿಂದ ಚಿತ್ರದುರ್ಗಕ್ಕೆ ದಿನಾ ಹೋಗಿಬರುವವರಿಗೆ, ದುಡ್ಡು ಹುಟ್ಟುವಷ್ಟು ಓಟವಿದೆ. ಆದರೆ ವಾರಕ್ಕೆರಡು ಚಾರ್ಜ್ ಅವರಿಗೆ ಮಂಗಳವಾರದ ಬೆಳಿಗ್ಗೆಯವರೆಗೂ ಬರುವುದಿಲ್ಲ. ಆ ಓಟಕ್ಕೆ ದಿನಾ ತುಂಬಿಸುವ ಅನುಕೂಲ ಎರಡೂ ತುದಿಯಲ್ಲಿ ಇದ್ದರೆ ಪ್ಲಗ್-ಇನ್ ಎರಡೂವರೆ ಮೂರು ವರ್ಷದಲ್ಲಿ ದುಡ್ಡು ತೀರಿಸುತ್ತದೆ. ಅಷ್ಟು ಅನುಕೂಲ ಇರುವವರು ಶೇ 5ರ ತೆರಿಗೆಯ ಪೂರಾ ಎಲೆಕ್ಟ್ರಿಕ್ ಕಾರನ್ನೇ ಮೊದಲು ನೋಡಬೇಕು ಎನ್ನುವುದು ನನ್ನ ಅಭಿಪ್ರಾಯ.

ಇಷ್ಟಾದರೂ ಭಾವನ ಮನಸ್ಸು ಪ್ಲಗ್-ಇನ್ ಕಡೆಗೇ ವಾಲುತ್ತಿತ್ತು. ಊರೊಳಗೆ ಹೊಗೆಯಿಲ್ಲದೆ ಓಡಬೇಕೆಂಬ ಅವರ ಆಸೆ ನನಗೂ ಇದೆ. ಜೋಗಿಮಟ್ಟಿ ಕಡೆಯ ಗುಡ್ಡಗಳ ಮೇಲೆ ಗಾಳಿಯಂತ್ರ ತಿರುಗುವುದನ್ನು ನೋಡುತ್ತಾ ಬೆಳೆದವರು ನಾವು, ಆ ಕರೆಂಟಿನಲ್ಲಿ ಕಾರು ಓಡಲಿ ಎನ್ನಿಸುವುದು ಸಹಜ. ಅದಕ್ಕೇ ಅಜ್ಜನ ಮೀಟರಿನ ಲೆಕ್ಕವನ್ನೂ ತೆಗೆದೆವು. ನಾನು ಊಹಿಸದೇ ಇದ್ದ ತೊಡಕು ಅಲ್ಲಿತ್ತು.

ಪೋರ್ಟಿಕೋದ ಸಾಕೆಟ್ ಅಜ್ಜನ ಮೀಟರಿಗೆ ಸೇರಿದ್ದು. ಅಜ್ಜನ ಮನೆಗೆ ಗೃಹಜ್ಯೋತಿ ಇದೆ, ತಿಂಗಳಿಗೆ 130 ಯೂನಿಟ್ ಖರ್ಚು, ಬಿಲ್ಲು ಸೊನ್ನೆ. ಯೋಜನೆಯ ನಿಯಮ ಹೀಗಿದೆ: ಹಿಂದಿನ ಸರಾಸರಿಯ ಮೇಲೆ ಶೇ 10 ಸೇರಿಸಿದಷ್ಟು ಉಚಿತ, ಅಜ್ಜನಿಗೆ ಅದು 143 ಯೂನಿಟ್. ಅದನ್ನು ದಾಟಿ 200ರ ಒಳಗಿದ್ದರೆ ದಾಟಿದ್ದಕ್ಕೆ ಮಾತ್ರ ದುಡ್ಡು. 200 ದಾಟಿದರೆ ಆ ತಿಂಗಳ ಪೂರ್ತಿ ಬಿಲ್ ಕಟ್ಟಬೇಕು. ತಿಂಗಳಿಗೆ ನಾಲ್ಕು ಚಾರ್ಜ್ ಹಾಕಿದರೆ 60 ಯೂನಿಟ್, ಒಟ್ಟು 190. ದಾಟಿದ 47 ಯೂನಿಟ್ಟಿಗೆ 330 ರೂಪಾಯಿ ಕೊಟ್ಟರೆ ಆಯಿತು. ಐದನೇ ಚಾರ್ಜ್ ಹಾಕಿದಿರೋ, ಒಟ್ಟು 205. ಈಗ ಅಷ್ಟೂ ಯೂನಿಟ್ಟಿಗೆ ಬಿಲ್, ಜೊತೆಗೆ ನಿಗದಿತ ಶುಲ್ಕ 400ರಷ್ಟು ಎಂದು ಹಿಡಿದರೂ 1,835 ರೂಪಾಯಿ. ಆ ಐದನೇ ಚಾರ್ಜ್ ಒಂದಕ್ಕೇ 1,500 ರೂಪಾಯಿ ಬಿದ್ದಂತಾಯಿತು. ಐದೂ ಚಾರ್ಜಿಗೆ ಹಂಚಿದರೆ ಒಂದಕ್ಕೆ 367. ಫುಲ್ ಹೈಬ್ರಿಡ್ ಅದೇ ದೂರಕ್ಕೆ ಕುಡಿಯುವ ಪೆಟ್ರೋಲ್ 363! ವಾರಕ್ಕೆರಡರಂತೆ ತಿಂಗಳಿಗೆ ಎಂಟೊಂಬತ್ತು ಚಾರ್ಜ್ ಹಾಕಿದರೂ ಒಂದು ಚಾರ್ಜಿನ ಉಳಿತಾಯ 258ರಿಂದ 110ರ ಆಸುಪಾಸಿಗೆ ಕುಸಿಯುತ್ತದೆ.

"ಎಷ್ಟು ಹೋಗತೈತೋ ಅಷ್ಟು ಕೊಟ್ಟುಬಿಡಪ ತಮ್ಮಾ" ಎಂದು ಅಜ್ಜ ಭಾವನಿಗೆ ಹೇಳಿದ್ದು 15 ಯೂನಿಟ್ಟಿನ ದುಡ್ಡನ್ನು ಮನಸ್ಸಿನಲ್ಲಿಟ್ಟುಕೊಂಡು. ಅವರ ಸೊನ್ನೆ ಬಿಲ್ಲು ಒಮ್ಮೆಲೇ ಎರಡು ಸಾವಿರ ಆದರೆ ಆ ವಿಶ್ವಾಸ ಏನಾಗಬೇಡ? ಬಾಡಿಗೆದಾರರು ಮೊದಲೇ ಮೀಟರಿನ ಹಿಂದಿನ ಬಿಲ್ಲುಗಳನ್ನು ಕೇಳಿ ನೋಡಬೇಕು. ನಿಮ್ಮದೇ ಮೇಲಂತಸ್ತಿನ ಮೀಟರಿನಿಂದ ವೈರ್ ಎಳೆದರೂ ನಿಮ್ಮ ಗೃಹಜ್ಯೋತಿಗೆ ಇದೇ ಲೆಕ್ಕ. ವಾಹನ ಚಾರ್ಜಿಂಗ್‌ಗೆಂದೇ ಬೆಸ್ಕಾಂನಿಂದ ಬೇರೆ ಮೀಟರ್ ಪಡೆಯಬಹುದು, ಅದರ ದರ ಮನೆಯ ದರಕ್ಕಿಂತ ಕಡಿಮೆ. ಆದರೆ ಅದು ಮನೆ ಮಾಲೀಕರ ಒಪ್ಪಿಗೆ, ಗೋಡೆ ಒಡೆಯುವ ಕೆಲಸ ಎಲ್ಲಾ ಬೇಡುತ್ತದೆ. ವಾರಕ್ಕೆರಡು ರಾತ್ರಿಗೆ ಯಾರೂ ಅಷ್ಟು ಮಾಡುವುದಿಲ್ಲ.

ಹೆದ್ದಾರಿಯಲ್ಲಿ ಚಾರ್ಜರ್‌ಗಳಿವೆಯಲ್ಲ ಎನ್ನಬಹುದು. ಯೂನಿಟ್ಟಿಗೆ 20 ರೂಪಾಯಿ ಕೊಟ್ಟರೆ 15 ಯೂನಿಟ್ಟಿಗೆ 300, ಉಳಿಯುವುದು 60 ರೂಪಾಯಿ. ಹೆಚ್ಚಿನ ಪ್ಲಗ್-ಇನ್‌ಗಳು ಅಲ್ಲಿನ ವೇಗದ ಡಿಸಿ ಚಾರ್ಜಿಂಗ್ ತೆಗೆದುಕೊಳ್ಳುವುದೂ ಇಲ್ಲ, ನಿಧಾನದ ಚಾರ್ಜಿಂಗ್ ಪಾಯಿಂಟಿನಲ್ಲಿ ಗಂಟೆಗಟ್ಟಲೆ ಕೂರಬೇಕು. ಇನ್ನು ಓಡುವಾಗಲೇ ಎಂಜಿನ್ನಿನಿಂದ ಬ್ಯಾಟರಿ ತುಂಬಿಸುವ ಗುಂಡಿ ಕೆಲವು ಕಾರುಗಳಲ್ಲಿರುತ್ತದೆ. ಮನೆ ಚಾರ್ಜ್ ಸಿಗದವರ ಕೈ ಅದರ ಮೇಲೇ ಹೋಗುತ್ತದೆ. ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 9 ಯೂನಿಟ್ಟಿನಷ್ಟು ಶಕ್ತಿ ಇದ್ದರೂ ಎಂಜಿನ್, ಜನರೇಟರ್ ದಾಟಿ ಬ್ಯಾಟರಿ ಸೇರುವುದು ಹೆಚ್ಚೆಂದರೆ 3 ಯೂನಿಟ್. ಅಂದರೆ ಯೂನಿಟ್ಟಿಗೆ 35 ರೂಪಾಯಿಯ ಕರೆಂಟು. ಆ ಗುಂಡಿ ಒತ್ತದಿರುವುದೇ ಲೇಸು. ಇದ್ದ ಚಾರ್ಜನ್ನು ಹೆದ್ದಾರಿಯಲ್ಲಿ ಕಾದಿಟ್ಟು ಊರೊಳಗೆ ಬಳಸುವ ಗುಂಡಿ ಬೇರೆ, ಅದರಿಂದ ಉಪಯೋಗವಿದೆ.

ಸಾಕೆಟ್ಟಿನ ವಿಷಯ ನಾನು ಕಣ್ಣಾರೆ ಕಂಡದ್ದು. ಏಪ್ರಿಲ್‌ನಲ್ಲಿ ಗೆಳೆಯನ ಎಲೆಕ್ಟ್ರಿಕ್ ಕಾರು ತಂದು ಅಜ್ಜನ ಪೋರ್ಟಿಕೋದಲ್ಲಿ ಹಾಕಿ ನೋಡಿದೆವು. ಚಾರ್ಜರ್ ಡಬ್ಬಿಯ ಮೇಲೆ ಕೆಂಪು ದೀಪ, ಚಾರ್ಜ್ ಆಗಲೊಲ್ಲದು. ಎಲೆಕ್ಟ್ರಿಷಿಯನ್ ಬಂದು ಟೆಸ್ಟರ್ ಹಚ್ಚಿ ಅರ್ತ್ ಇಲ್ಲ ಎಂದ. ಅರ್ತ್ ಗುಂಡಿ ಬೇಸಿಗೆಗೆ ಒಣಗಿ ಬಿರುಕು ಬಿಟ್ಟಿತ್ತು. ಎರಡು ಕೊಡ ನೀರು ಸುರಿದು ಅರ್ಧ ಗಂಟೆ ಬಿಟ್ಟರೆ ಹಸಿರು ದೀಪ ಬಂತು. ಎರಡು ಗಂಟೆಯ ನಂತರ ಪ್ಲಗ್ ಮುಟ್ಟಿದೆ, ಕೈ ಇಡಲಾಗದಷ್ಟು ಬಿಸಿ. ಬಿಚ್ಚಿದರೆ ಸಾಕೆಟ್ಟಿನ ಒಂದು ತೂತಿನ ಸುತ್ತ ಪ್ಲಾಸ್ಟಿಕ್ ಕಂದುಬಣ್ಣಕ್ಕೆ ತಿರುಗಿತ್ತು. ಗೀಸರ್ ಹತ್ತು ನಿಮಿಷ ಎಳೆಯುವ ಕರೆಂಟನ್ನು ಕಾರು ಏಳೆಂಟು ಗಂಟೆ ಒಂದೇ ಸಮ ಎಳೆಯುತ್ತದೆ. ಹಳೆಯ ಸಾಕೆಟ್ಟಿನ ಒಳಗಿನ ಪಟ್ಟಿ ಸಡಿಲಾಗಿದ್ದರೆ ಅದು ತಡೆಯುವುದಿಲ್ಲ. ಹೊಸ ಸಾಕೆಟ್, ದಪ್ಪ ವೈರ್, ಬೇರೆ ಎಂಸಿಬಿ ಹಾಕಿಸದೆ ಮನೆಯವರು ಮಲಗಿರುವಾಗ ರಾತ್ರಿಯಿಡೀ ಚಾರ್ಜ್ ಹಾಕಬಾರದು. ಎಕ್ಸ್‌ಟೆನ್ಷನ್ ವೈರನ್ನು ಸುರುಳಿ ಸುತ್ತಿಟ್ಟು ಬಳಸುವುದಂತೂ ಬೇಡವೇ ಬೇಡ, ಸುರುಳಿಯೊಳಗೆ ಬಿಸಿ ಹೊರಹೋಗದೆ ವೈರ್ ಕರಗುತ್ತದೆ.

ಅಕ್ಕ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಏಪ್ರಿಲ್‌ನಿಂದ ಜೂನ್‌ವರೆಗೆ ಪೋರ್ಟಿಕೋ ನಿಜವಾಗಿ ಖಾಲಿಯಿದ್ದ ರಾತ್ರಿಗಳಿಗೆ ಸುತ್ತು ಹಾಕುತ್ತಾ ಬಂದಳು. ಕಾರು ಇನ್ನೂ ಬಂದಿರಲಿಲ್ಲ, ಎಣಿಕೆ ಮಾತ್ರ. ವಾರಕ್ಕೆರಡರಂತೆ 26 ಸುತ್ತು ಇರಬೇಕಿತ್ತು. ಇದ್ದದ್ದು 15. ಬೇಸಿಗೆ ರಜೆಗೆ ಅಜ್ಜನ ಮಗಳ ಕುಟುಂಬ ಬಂದಿತ್ತು, ಒಂದು ವಾರ ಅಜ್ಜನಿಗೆ ಜ್ವರ, ಮಳೆ ಹಿಡಿದ ಮೇಲೆ ಎರಡು ರಾತ್ರಿ ಕರೆಂಟೇ ಇರಲಿಲ್ಲ. ಈ ಗತಿಯಲ್ಲಿ ವರ್ಷಕ್ಕೆ 60 ಚಾರ್ಜ್. ಗೃಹಜ್ಯೋತಿಯ ತೊಡಕನ್ನು ಲೆಕ್ಕಕ್ಕೇ ಹಿಡಿಯದೆ ನೋಡಿದರೂ ವರ್ಷಕ್ಕೆ ಉಳಿಯುವುದು ಹತ್ತು ಸಾವಿರ ರೂಪಾಯಿ ಮಾತ್ರ.

ಇದು ಭಾವನೊಬ್ಬರ ಕಥೆಯಲ್ಲ. ಯುರೋಪಿನಲ್ಲಿ ಕಾರಿನೊಳಗಿನ ಮೀಟರೇ ಇಂಧನದ ನಿಜವಾದ ಖರ್ಚನ್ನು ದಾಖಲಿಸುತ್ತದೆ. 2021ರಲ್ಲಿ ನೋಂದಣಿಯಾದ ಕಾರುಗಳ ದಾಖಲೆ ಆಧರಿಸಿ ಯುರೋಪಿಯನ್ ಕಮಿಷನ್ 2024ರಲ್ಲಿ ಕೊಟ್ಟ ವರದಿಯಲ್ಲಿ, ಪ್ಲಗ್-ಇನ್‌ಗಳು ರಸ್ತೆಯಲ್ಲಿ ಉಗುಳುವ ಇಂಗಾಲದ ಡೈಆಕ್ಸೈಡ್ ಪ್ರಯೋಗಾಲಯದ ಅಂಕಿಗಿಂತ ಸರಾಸರಿ ಮೂರೂವರೆ ಪಟ್ಟು ಇತ್ತು. ಸಾದಾ ಪೆಟ್ರೋಲ್, ಡೀಸೆಲ್ ಕಾರುಗಳಲ್ಲಿ ಆ ಅಂತರ ಶೇ 20ರಷ್ಟು. ಪ್ರಯೋಗಾಲಯದ ಅಂಕಿ ಸಿದ್ಧವಾಗುವಾಗ ಜನ ಇಷ್ಟು ಸಲ ಚಾರ್ಜ್ ಹಾಕುತ್ತಾರೆ ಎಂದು ಒಂದು ಪ್ರಮಾಣ ಹಿಡಿದಿರುತ್ತಾರೆ. ಜನ ಅಷ್ಟು ಹಾಕುವುದಿಲ್ಲ. ಆದ್ದರಿಂದ ಮುಂದೆ ನಮ್ಮ ಶೋರೂಮಿನಲ್ಲಿ ಯಾರಾದರೂ ಪ್ಲಗ್-ಇನ್ ಲೀಟರಿಗೆ 60, 70 ಕೊಡುತ್ತದೆ ಎಂದರೆ ಒಂದೇ ಮಾತು ಕೇಳಿ: ಚಾರ್ಜ್ ಖಾಲಿಯಾದ ಮೇಲೆ ಎಷ್ಟು ಕೊಡುತ್ತದೆ? ಅಪರೂಪಕ್ಕೆ ಚಾರ್ಜ್ ಮಾಡುವವರು ಹೆಚ್ಚಾಗಿ ಓಡಿಸುವುದು ಆ ಕಾರನ್ನೇ.

ಪ್ಲಗ್-ಇನ್ ಸರಿಹೋಗುವ ಸಂದರ್ಭ ನಮ್ಮ ಲೆಕ್ಕದಲ್ಲಿ ಇಲ್ಲವೆಂದಲ್ಲ. ರಸ್ತೆ ಬೆಲೆಯ ವ್ಯತ್ಯಾಸ ಒಂದು ಲಕ್ಷದ ಒಳಗೆ ಬಂದರೆ, ಚಾರ್ಜ್ ಹಾಕುವ ಮೀಟರಿನಲ್ಲಿ ಗೃಹಜ್ಯೋತಿ ಇಲ್ಲದೇ ಇದ್ದರೆ, ವಾರಕ್ಕೆರಡು ರಾತ್ರಿ ಬಿಡಿಬಿಡಿಯಾಗಿ ಖಾತ್ರಿ ಸಿಕ್ಕರೆ, ನಾಲ್ಕೂವರೆ ವರ್ಷದಲ್ಲಿ ದುಡ್ಡು ಹುಟ್ಟುತ್ತದೆ. ಆಗ ನಾನೂ ಕೊಳ್ಳಿ ಎನ್ನುತ್ತೇನೆ.

ಭಾವ ಜುಲೈನಲ್ಲಿ ಫುಲ್ ಹೈಬ್ರಿಡ್ ಬುಕ್ ಮಾಡಿದರು. ಹದಡಿ ರಸ್ತೆಯ ಸೈಟಿನಲ್ಲಿ ಎರಡು ವರ್ಷದೊಳಗೆ ಮನೆ ಕಟ್ಟಬೇಕೆಂದಿದ್ದಾರೆ. ಅಲ್ಲಿ ಮೀಟರ್ ಬೋರ್ಡಿನಿಂದ ಪೋರ್ಟಿಕೋ ಕಂಬದವರೆಗೆ ಒಂದು ಖಾಲಿ ಪೈಪ್, ಚಾರ್ಜಿಂಗಿಗೆಂದೇ ಬೇರೆ ಅರ್ತ್ ಗುಂಡಿ ಇರಲಿ ಎಂದು ಪ್ಲ್ಯಾನಿನಲ್ಲಿ ನಾನೇ ಪೆನ್ಸಿಲ್ಲಿನಲ್ಲಿ ಗುರುತು ಹಾಕಿ ಕೊಟ್ಟಿದ್ದೇನೆ. ಆ ಪೋರ್ಟಿಕೋಗೆ ಬರುವ ಮುಂದಿನ ಕಾರಿನ ಲೆಕ್ಕವನ್ನು ಪೂರಾ ಎಲೆಕ್ಟ್ರಿಕ್‌ನಿಂದ ಶುರು ಮಾಡುತ್ತೇವೆ.